ಊಟಕ್ಕೆ ಮುಚ್ಚಿದ ಅಂಗಡಿ

ನನ್ನ ಹೊಟ್ಟೆಪಾಡು ಅಕ್ಷರ ಕತ್ತರಿಸುವುದು. ಮುಳಬಾಗಿಲಿನ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಚಿಕ್ಕ ಅಂಗಡಿ ಇದೆ. ಒಂದು ಕಂಪ್ಯೂಟರು, ಸ್ಟಿಕ್ಕರ್ ಕತ್ತರಿಸುವ ಒಂದು ಮೆಷಿನ್ನು, ಬಣ್ಣಬಣ್ಣದ ಸ್ಟಿಕ್ಕರ್ ಸುರುಳಿಗಳು, ಒಂದು ಚಿಮುಟ. ಅಂಗಡಿಯವರು ಬಾಗಿಲಿನ ಗಾಜಿಗೆ ಅಂಟಿಸುವ ‘ತಳ್ಳಿ’, ‘ಎಳೆಯಿರಿ’, ಒಳಗೆ ನೇತುಹಾಕುವ ‘ತೆರೆದಿದೆ’, ‘ಇಂದು ರಜೆ’, ಇಂಥವೆಲ್ಲ ನನ್ನಲ್ಲಿ ಸಿಗುತ್ತವೆ. ಕೋಲಾರ, ಮಾಲೂರು, ಶ್ರೀನಿವಾಸಪುರದಿಂದಲೂ ಕೇಳಿಕೊಂಡು ಬರುತ್ತಾರೆ. ಕನ್ನಡದಲ್ಲಿ ತಪ್ಪಿಲ್ಲದೆ ಮಾಡಿಕೊಡುತ್ತಾಳೆ ಅಂತ ನನಗೆ ಒಂದು ಹೆಸರಿತ್ತು. ಆ ಹೆಸರಿನ ಮೇಲೆ ನನಗೆ ಕೊಬ್ಬೂ ಇತ್ತು, ಇಲ್ಲ ಅನ್ನುವುದಿಲ್ಲ.

ಎರಡು ಮೂರು ಪದ ಕತ್ತರಿಸಲಿಕ್ಕೆ ಏನು ಮಹಾ ಅನ್ನಬೇಡಿ. ನಮ್ಮ ಕಡೆ ಅರ್ಧ ಜನ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಶ್ರೀನಿವಾಸಪುರದ ಬಳೆ ಅಂಗಡಿಯವರೊಬ್ಬರು ಚೀಟಿಯಲ್ಲಿ ಬರೆದು ತಂದಿದ್ದು ‘ತಲ್ಲಿ’ ಅಂತ. ಬಾಗಿಲನ್ನು ನೂಕುವುದಕ್ಕೆ ‘ತಳ್ಳಿ’ ಆಗಬೇಕು, ‘ತಲ್ಲಿ’ ಅಂದರೆ ತೆಲುಗಿನಲ್ಲಿ ತಾಯಿ. “ಬಾಗಿಲ ಮೇಲೆ ತಾಯಿ ಅಂತ ಬರೆದುಕೊಂಡರೆ ಗಿರಾಕಿ ನೂಕಲ್ಲ, ಕೈಮುಗಿದು ವಾಪಸ್ ಹೋಗ್ತಾರೆ” ಅಂದೆ. ಅವರೂ ನಕ್ಕರು. ಮಾಲೂರಿನ ಒಬ್ಬರು ಇಂಗ್ಲಿಷಿನ ಪುಲ್ಲನ್ನೇ ಕನ್ನಡದಲ್ಲಿ ‘ಪುಲ್’ ಅಂತ ಹಾಕಿಸಿಕೊಂಡಿದ್ದರು. ಜನ ಅದನ್ನು ‘ಫುಲ್’ ಅಂತ ಓದಿ, ಒಳಗೆ ಜಾಗವಿಲ್ಲವೇನೋ ಅಂತ ಹೊರಗೇ ನಿಲ್ಲುತ್ತಿದ್ದರಂತೆ. ಅದನ್ನು ಕಿತ್ತು ನಾನು ‘ಎಳೆಯಿರಿ’ ಹಾಕಿಕೊಟ್ಟೆ. ಇನ್ನು ಮೆಷಿನ್ನಿನ ತರಲೆ ಬೇರೆ. ಅಕ್ಷರ ಕೊಯ್ದ ಮೇಲೆ ಸುತ್ತಲಿನ ಬೇಡದ ಸ್ಟಿಕ್ಕರನ್ನು ಎಬ್ಬಿಸುವಾಗ ಒತ್ತಕ್ಷರ ಅದರ ಜೊತೆಗೇ ಎದ್ದು ಬಂದುಬಿಡುತ್ತದೆ. ‘ತಳ್ಳಿ’ಯ ಒತ್ತು ಹೋದರೆ ಉಳಿಯುವುದು ‘ತಳಿ’. ಬಿತ್ತನೆ ಬೀಜದ ಅಂಗಡಿಯಾದರೆ ಅದೂ ನಡೆದೀತು. ಇಂಥದ್ದನ್ನೆಲ್ಲ ಹೇಳಿಕೊಂಡು ನಗುವುದು ನನಗೆ ಅಭ್ಯಾಸವಾಗಿತ್ತು.

ಈಗ ನಗು ಬರುವುದಿಲ್ಲ. ಯಾಕೆ ಅಂತ ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಮಗಳಿಗೆ ಚಿಕ್ಕಂದಿನಿಂದ ಫಿಟ್ಸು. ಈಗ ಅವಳಿಗೆ ಇಪ್ಪತ್ತೆರಡು. ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ ತಪ್ಪಿಸುವ ಹಾಗಿಲ್ಲ. ಎಷ್ಟೋ ಮಾತ್ರೆ ಬದಲಾಯಿಸಿದ ಮೇಲೆ ಒಂದು ಹಿಡಿಸಿತ್ತು. ಎರಡು ವರ್ಷ ಪೂರ್ತಿ ಫಿಟ್ಸ್ ಬರದೆ ಇದ್ದರೆ ಮಾತ್ರೆ ನಿಧಾನವಾಗಿ ಕಡಿಮೆ ಮಾಡುವುದನ್ನು ಯೋಚಿಸೋಣ ಅಂತ ಡಾಕ್ಟರು ಹೇಳಿದ್ದರು. ಸ್ಕೂಟರ್ ಓಡಿಸುವ ವಿಚಾರ ಆಮೇಲೆ ಅಂದಿದ್ದರು. ನನ್ನ ಮಗಳು ‘ಯೋಚಿಸೋಣ’ವನ್ನು ಕೇಳಿಸಿಕೊಳ್ಳಲೇ ಇಲ್ಲ, ಸ್ಕೂಟರನ್ನು ಮಾತ್ರ ಕೇಳಿಸಿಕೊಂಡಳು. ಎಲ್ಲಿಗೆ ಹೋಗಬೇಕಾದರೂ ಯಾರಾದರೂ ಜೊತೆಗಿರಬೇಕು. ಹೆತ್ತ ತಾಯಿ ನಾನೇ ನೆರಳಿನಂತೆ ಅಂಟಿಕೊಂಡಿರುತ್ತಿದ್ದೆ. ಅವಳಿಗೆ ಒಬ್ಬಳೇ ಹೋಗಬೇಕಿತ್ತು. ಅಷ್ಟೇ ಆಸೆ.

ಎರಡು ವರ್ಷ ತುಂಬಲಿಕ್ಕೆ ಇನ್ನು ಹದಿನೇಳು ದಿನ ಉಳಿದಿತ್ತು.

ಅವಳಿಗೆ ಹಿಡಿಸಿದ ಕಂಪನಿಯ ಮಾತ್ರೆ ನಮ್ಮ ಮುಳಬಾಗಿಲಲ್ಲಿ ಯಾರೂ ಇಡುತ್ತಿರಲಿಲ್ಲ. ಕೋಲಾರದ ಒಂದು ಮೆಡಿಕಲ್ ಸ್ಟೋರಿನವರು ನಮಗೋಸ್ಕರ ತರಿಸಿಡುತ್ತಿದ್ದರು. ಬೇರೆ ಕಂಪನಿಯದು ಕೊಟ್ಟರೆ ತೆಗೆದುಕೊಳ್ಳಬೇಡಿ ಅಂತ ಡಾಕ್ಟರು ಬೇರೆ ಕಟ್ಟುನಿಟ್ಟಾಗಿ ಹೇಳಿದ್ದರು. ಹೀಗೆ ತಿಂಗಳಿಗೊಮ್ಮೆ ಹೋಗಿ ಬರುತ್ತಾ ಆ ಅಂಗಡಿಯವರಿಗೂ ನನಗೂ ಪರಿಚಯ ಬೆಳೆದು, ಅವರ ಹೊಸ ಗಾಜಿನ ಬಾಗಿಲಿನ ಸ್ಟಿಕ್ಕರೆಲ್ಲ ನಾನೇ ಮಾಡಿಕೊಟ್ಟೆ. ಜೊತೆಗೆ ಮಧ್ಯಾಹ್ನದ ಊಟಕ್ಕೆ ಹೋಗುವಾಗ ನೇತುಹಾಕಲಿಕ್ಕೆ ಒಂದು ಬೋರ್ಡು ಬೇಕು ಅಂದರು. ಅವರು ಬರೆದುಕೊಂಡಿದ್ದ ಇಂಗ್ಲಿಷು ‘ಲಂಚ್ ಟೈಮ್ ಕ್ಲೋಸ್’ ಅಂತ ಇತ್ತು. ನಾನು ಅದನ್ನು ತಿದ್ದಿ ‘ಕ್ಲೋಸ್ಡ್ ಫಾರ್ ಲಂಚ್, ಬ್ಯಾಕ್ ಅಟ್ ತ್ರೀ’ ಅಂತ ನೆಟ್ಟಗೆ ಮಾಡಿದೆ. ಕನ್ನಡಕ್ಕೆ ‘ಊಟಕ್ಕೆ ಹೋಗಿದ್ದೇವೆ, ಮೂರು ಗಂಟೆಗೆ ಬರುತ್ತೇವೆ’ ಅಂತ ಹಾಕುತ್ತೇನೆ ಅಂದೆ.

ಅವರು ಒಪ್ಪಲಿಲ್ಲ. “ಅದು ಮನೇಲಿ ಮಾತಾಡೋ ಥರ ಐತೆ ಅಕ್ಕಾ. ಬೋರ್ಡಂದ್ರೆ ಬೋರ್ಡಿನ ಕನ್ನಡ ಇರ್ಬೇಕು” ಅಂದು ಫೋನಿನಲ್ಲಿ ಇಂಗ್ಲಿಷ್ ಹಾಕಿ ಕನ್ನಡ ಮಾಡಿಸಿ ತೋರಿಸಿದರು. ‘ಭೋಜನ ವಿರಾಮಕ್ಕಾಗಿ ಮುಚ್ಚಲಾಗಿದೆ.’

ನನಗೆ ಗೊತ್ತಿತ್ತು. ನಮ್ಮಲ್ಲಿ ಅಂಗಡಿಯವರು ಊಟಕ್ಕೆ ಹೋದರೆ ‘ಬಾಗಿಲು ಹಾಕ್ಕೊಂಡು ಹೋಗವ್ರೆ’ ಅನ್ನುತ್ತೇವೆ. ‘ಮುಚ್ಚಿದರು’ ಅಂದರೆ ವ್ಯಾಪಾರ ಕೈಕೊಟ್ಟು ಅಂಗಡಿಯೇ ಎತ್ತಿದರು ಅಂತ ತಿಳಿದುಕೊಳ್ಳುವವರೂ ಇದ್ದಾರೆ. ಗೊತ್ತಿದ್ದೂ ನಾನು ವಾದ ಮಾಡಲಿಲ್ಲ. ಅವತ್ತು ಕೆಲಸ ಕೈತುಂಬ ಇತ್ತು, ಬಸ್ಸಿಗೆ ಹೊತ್ತಾಗಿತ್ತು, ದುಡ್ಡು ಕೊಡುವವರು ಕೇಳಿದ್ದನ್ನು ಮಾಡಿಕೊಟ್ಟರಾಯಿತು ಅಂದುಕೊಂಡೆ.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಬೋರ್ಡುಗಳಲ್ಲಿ ಕನ್ನಡ ಮೇಲೆ ಇರಬೇಕು, ದೊಡ್ಡದಿರಬೇಕು ಅಂತ ಆಗ ಎಲ್ಲ ಕಡೆ ತಾಕೀತು. ಹೆಸರಿನ ಬೋರ್ಡಿಗೆ ಇದ್ದ ಹೆದರಿಕೆಯನ್ನು ಅಂಗಡಿಯವರು ಅಂಗೈಯಗಲದ ಬೋರ್ಡಿಗೂ ಹಚ್ಚಿಕೊಂಡಿದ್ದರು. ಮೇಲಿನ ಜಾಗ ತುಂಬಬೇಕಲ್ಲ, ‘ಮುಚ್ಚಲಾಗಿದೆ’ಯನ್ನು ದೊಡ್ಡದಾಗಿ ಎಳೆದೆ. ‘ಭೋಜನ ವಿರಾಮಕ್ಕಾಗಿ’ ಉದ್ದವಾಯಿತು ಅಂತ ಕುಗ್ಗಿಸಿ ಅದರ ತಲೆಯ ಮೇಲೆ ಕೂರಿಸಿದೆ. ಮೂರು ಗಂಟೆ ಅನ್ನುವುದು ಕೆಳಗಿನ ಇಂಗ್ಲಿಷ್ ಸಾಲಿನಲ್ಲಿ ಇತ್ತು. ಕನ್ನಡದಲ್ಲಿ ಅದಕ್ಕೆ ಜಾಗ ಉಳಿಯಲಿಲ್ಲ. ಇಂಗ್ಲಿಷ್ ಓದುವವನಿಗೆ ಎಷ್ಟು ಹೊತ್ತಿಗೆ ಬರಬೇಕು ಅಂತ ಹೇಳಿದೆ, ಕನ್ನಡ ಓದುವವನಿಗೆ ಮುಚ್ಚಿದೆ ಅಂತ ಮಾತ್ರ ಹೇಳಿದೆ. ಕನ್ನಡದ ಹೆಸರು ಹೇಳಿಕೊಂಡು ಅನ್ನ ತಿನ್ನುವವಳು ಮಾಡಿದ ಕೆಲಸ ಇದು.

ಆ ತಿಂಗಳು ಮಾತ್ರೆ ಬರುವುದು ತಡವಾಯಿತು. ನಾಳೆ, ನಾಡಿದ್ದು ಅಂತ ಅಂಗಡಿಯವರು ಹೇಳುತ್ತಾ ಹೋದರು, ಮನೆಯಲ್ಲಿದ್ದ ಪಟ್ಟಿ ಖಾಲಿಯಾಗುತ್ತಾ ಬಂತು. ಗುರುವಾರ ರಾತ್ರಿ ಕೊನೆಯ ಮಾತ್ರೆ ನುಂಗಿದಳು. ಶುಕ್ರವಾರ ಬೆಳಿಗ್ಗೆ ಫೋನ್ ಮಾಡಿದೆ. “ಬಂದೈತಕ್ಕಾ, ಬಂದು ತಗೊಂಡೋಗಿ” ಅಂದರು. ಅವತ್ತಿನ ಬೆಳಗಿನ ಮಾತ್ರೆ ಆಗಲೇ ತಪ್ಪಿತ್ತು.

ನಾನೇ ಹೋಗಬೇಕಿತ್ತು. ಆದರೆ ಮಾಲೂರಿನ ಒಂದು ಹೊಸ ಅಂಗಡಿಯ ಕೆಲಸ ಸಂಜೆಯೊಳಗೆ ಕೊಡಬೇಕಿತ್ತು, ಮೆಷಿನ್ ಓಡುತ್ತಿತ್ತು. ನನ್ನ ಗಂಡ ಲಾರಿ ಓಡಿಸುತ್ತಾರೆ, ಅವತ್ತು ಚೆನ್ನೈ ಕಡೆ ಹೋಗಿದ್ದರು. ನಮ್ಮ ಅತ್ತೆ ಕಣ್ಣು ತೋರಿಸಲಿಕ್ಕೆ ಕೋಲಾರಕ್ಕೆ ಹೊರಟಿದ್ದರು. “ನಾನು ತರ್ತೀನಿ ಬಿಡು. ಆ ಅಂಗಡಿ ನಂಗೊತ್ತಿಲ್ವಾ, ನಿನ್ ಜತೆಗೆ ಎಷ್ಟು ಕಿತ ಬಂದಿಲ್ಲ” ಅಂದರು.

ಅತ್ತೆಯ ತವರು ನಂಗಲಿ. ಮನೆಮಾತು ತೆಲುಗು, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಲವತ್ತು ದಾಟಿದ ಮೇಲೆ ಸಂಜೆ ಪಾಠಕ್ಕೆ ಹೋಗಿ ಕನ್ನಡ ಅಕ್ಷರ ಕಲಿತರು. ದೊಡ್ಡ ಅಕ್ಷರವಾದರೆ ಕೂಡಿಸಿಕೊಂಡು ಓದುತ್ತಾರೆ, ಚಿಕ್ಕದಾದರೆ ಬಿಟ್ಟುಬಿಡುತ್ತಾರೆ. ಫೋನ್ ಇಟ್ಟುಕೊಂಡವರಲ್ಲ. ಖಾಲಿ ಪಟ್ಟಿಯನ್ನು ಅವರ ಸಂಚಿಯಲ್ಲಿ ಹಾಕಿ ಕಳಿಸಿದೆ. ಮೂರು ಗಂಟೆಗೆ ಬರಬೇಕಾದವರು ನಾಲ್ಕೂವರೆಗೆ ಬಂದರು. ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು, “ಅಂಗಡಿ ಎತ್ತೇಸಿನಾರಮ್ಮಾ” ಅಂದರು. ಅಂಗಡಿ ಎತ್ತಿಬಿಟ್ಟಿದ್ದಾರೆ ಅಂತ.

“ಯಾವ ಅಂಗಡಿ ಅತ್ತೆಮ್ಮಾ? ಬೆಳಿಗ್ಗೆ ತಾನೆ ಅವರ ಹತ್ರ ಮಾತಾಡಿದೀನಿ.”

“ಬೋರ್ಡ್ ಹಾಕವ್ರೆ ಕಣೇ. ನಾನೇ ಓದ್ದೆ. ಮುಚ್ಚ-ಲಾ-ಗಿ-ದೆ ಅಂತ ಇಷ್ಟು ದೊಡ್ಡದಾಗಿ ಐತೆ. ಪಕ್ಕದಾಗೆ ಟೀ ಮಾರೋನ್ನೂ ಕೇಳ್ದೆ, ಮುಚ್ಚವ್ರಾಪ್ಪಾ ಅಂತ. ಹೂಂ ಅಜ್ಜೀ, ಮುಚ್ಚವ್ರೆ ಅಂದ. ಇನ್ನು ನಿಂತೇನ್ ಮಾಡ್ಲಿ? ರೋಡು ಅಗಲ ಮಾಡ್ತಾರೆ ಅಂತಿದ್ರಲ್ಲ, ಅದುಕ್ಕೇ ಎತ್ತವ್ರೆ ಅಂದ್ಕೊಂಡೆ. ಬೇರೆ ನಾಕು ಮೆಡಿಕಲ್ನಾಗೆ ಕೇಳ್ದೆ. ಪಟ್ಟಿ ತೋರಿಸ್ದೆ. ಯಾರತ್ರಾನೂ ಇಲ್ಲ.”

ಟೀ ಮಾರುವವನೂ ಸುಳ್ಳು ಹೇಳಿರಲಿಲ್ಲ. ಎಲ್ಲರೂ ನಿಜವನ್ನೇ ಹೇಳಿದ್ದರು. ನಾನು ಆ ಬೋರ್ಡಿಗೆ ಅಕ್ಷರ ಕೂರಿಸಿದ ರೀತಿಯೊಂದೇ ಸರಿಯಿರಲಿಲ್ಲ.

ಅಂಗಡಿಗೆ ಫೋನ್ ಮಾಡಿದರೆ ಮೊದಲನೇ ರಿಂಗಿಗೇ ಎತ್ತಿದರು. “ಕಾಯ್ತಾನೇ ಇದೀನಲ್ಲಕ್ಕಾ, ಯಾರೂ ಬರ್ಲಿಲ್ಲ. ಎರಡರಿಂದ ಮೂರು ಊಟಕ್ಕೋಗಿದ್ದೆ, ಅಷ್ಟೇ. ಬೋರ್ಡ್ ಹಾಕಿದ್ನಲ್ಲಾ, ನೀವು ಮಾಡ್ಕೊಟ್ಟಿದ್ದೇ.” ಬೇಕಾದರೆ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತೇನೆ ಅಂದರು. ಬೇಡ, ನಾನೇ ಬರುತ್ತೇನೆ ಅಂದೆ. ಒಮ್ಮೆ ಇನ್ನೊಬ್ಬರ ಕೈಗೆ ಬಿಟ್ಟು ಆಗಿತ್ತಲ್ಲ, ಇನ್ನು ಯಾರನ್ನೂ ನಂಬುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕಂಡಕ್ಟರ್ ಕೈಯಲ್ಲಿ ಕಳಿಸಿದ್ದರೆ ಒಂದು ಗಂಟೆ ಮುಂಚೆ ಬರುತ್ತಿತ್ತು. ಆ ಲೆಕ್ಕ ನನಗೆ ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು.

ಮಗಳು ಮನೆಯಲ್ಲಿದ್ದಳು. ಅತ್ತೆಯನ್ನು ಅವಳ ಹತ್ತಿರ ಕಳಿಸಿ, ಮನೆ ಪಕ್ಕದ ಟೈಲರಮ್ಮನಿಗೆ ಫೋನ್ ಮಾಡಿ ಮಗಳ ಮೇಲೆ ಒಂದು ಕಣ್ಣಿಡು ಅಂತ ಹೇಳಿ, ಅಂಗಡಿಯ ಬಾಗಿಲು ಎಳೆದುಕೊಂಡು ಓಡಿದೆ. ಬಸ್ಸು ಹೈವೇಯಲ್ಲಿ ಲಾರಿಗಳ ಹಿಂದೆ ನಿಂತು ನಿಂತು ಹೋಯಿತು. ಮಗಳಿಗೆ ಫೋನ್ ಮಾಡಿದೆ. “ನಂಗೇನೂ ಆಗಿಲ್ಲಮ್ಮಾ. ನೀನು ಬಸ್ಸಲ್ಲಿ ಅಳ್ಬೇಡ, ಜನ ನೋಡ್ತಾರೆ” ಅಂದಳು. ಹತ್ತು ನಿಮಿಷಕ್ಕೊಮ್ಮೆ ಮಾಡಿದೆ. ನಾಲ್ಕನೇ ಸಲಕ್ಕೆ, “ಮಲ್ಕೊಂಡಿದೀನಿ, ಪದೇ ಪದೇ ಮಾಡ್ಬೇಡ” ಅಂತ ಬೈದಳು. ಬೈಸಿಕೊಂಡದ್ದು ಅಷ್ಟು ಹಿತವಾಗಿದ್ದು ಅದೇ ಮೊದಲು.

ಕೋಲಾರದಲ್ಲಿ ಇಳಿದು ಮೆಡಿಕಲ್ ಸ್ಟೋರಿಗೆ ಓಡಿದೆ. ಗಾಜಿನ ಬಾಗಿಲು. ನೂಕಿದೆ, ತೆರೆಯಲಿಲ್ಲ. ಹೆಗಲು ಕೊಟ್ಟು ನೂಕಿದೆ. ಮುಚ್ಚಿಯೇಬಿಟ್ಟರು ಅಂದುಕೊಂಡೆ. ಒಳಗಿದ್ದ ಗಿರಾಕಿಯೊಬ್ಬರು ಬಾಗಿಲ ಕಡೆ ಬೆರಳು ತೋರಿಸಿ ಏನೋ ಹೇಳುತ್ತಿದ್ದರು. ನೋಡಿದರೆ ನನ್ನ ಮೂಗಿನ ನೇರಕ್ಕೆ ಕೆಂಪು ಅಕ್ಷರದಲ್ಲಿ ‘ಎಳೆಯಿರಿ’ ಅಂತ ಇತ್ತು, ನಾನೇ ಕತ್ತರಿಸಿ ಅಂಟಿಸಿದ್ದು. ಗಾಬರಿಯಾದವರ ಕಣ್ಣಿಗೆ ಅಕ್ಷರ ಕಾಣುವುದಿಲ್ಲ ಅನ್ನುವುದು ಇಷ್ಟು ವರ್ಷ ಆ ಕೆಲಸ ಮಾಡಿದ ನನಗೆ ಅಲ್ಲಿ ನಿಂತು ತಿಳಿಯಿತು. ಮೆಡಿಕಲ್ ಸ್ಟೋರಿಗೆ ಬರುವವರಲ್ಲಿ ಗಾಬರಿಯಿಲ್ಲದವರು ಎಷ್ಟು ಜನ?

ಮಾತ್ರೆಯ ಡಬ್ಬಿ ಕೈಗೆ ಬಂತು. ವಾಪಸ್ ಬಸ್ಸು ಹತ್ತಿ ಕೂರುವಾಗ ಟೈಲರಮ್ಮನ ಫೋನು ಬಂತು. ಅವಳು ಹಲೋ ಅನ್ನುವ ಮೊದಲೇ ನನಗೆ ಗೊತ್ತಾಯಿತು.

ಮಗಳು ಅಜ್ಜಿಗೆ ಟೀ ಮಾಡಿಕೊಡುತ್ತೇನೆ ಅಂತ ಎದ್ದಳಂತೆ. ಅಡುಗೆಮನೆ ಬಾಗಿಲಲ್ಲಿ ಬಿದ್ದಳು. ಹುಬ್ಬಿನ ಹತ್ತಿರ ಹೊಸ್ತಿಲು ತಗುಲಿ ಸೀಳಿತ್ತು, ನಾಲಿಗೆ ಕಚ್ಚಿಕೊಂಡಿದ್ದಳು. ಅತ್ತೆ ಬೀಗದ ಕೈ ಗೊಂಚಲನ್ನು ಅವಳ ಮುಷ್ಟಿಯಲ್ಲಿ ತುರುಕಿ ದೇವರನ್ನೆಲ್ಲ ಕರೆಯುತ್ತಿದ್ದರಂತೆ. ಕಬ್ಬಿಣ ಹಿಡಿಸಿದರೆ ಏನೂ ಪ್ರಯೋಜನವಿಲ್ಲ, ಒಂದು ಪಕ್ಕಕ್ಕೆ ಮಲಗಿಸಬೇಕು ಅಂತ ನಾನು ಎಷ್ಟು ಸಲ ಹೇಳಿದ್ದೆನೋ. ಟೈಲರಮ್ಮ ಬಂದು ಮಲಗಿಸಿದಳು. ನಾನು ಬಸ್ಸಿನಲ್ಲಿ ಮಾತ್ರೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಹಾಳಾಗಿ ಹೋಗಲಿ ಈ ಅಕ್ಷರ, ಈ ಅಂಗಡಿ, ಅಂತ ಒಂದೇ ಸಮನೆ ನನ್ನನ್ನೇ ಶಪಿಸಿಕೊಂಡೆ.

ಮನೆಗೆ ಬಂದಾಗ ಎಚ್ಚರವಾಗಿದ್ದಳು. ಹುಬ್ಬಿಗೆ ಹತ್ತಿ ಒತ್ತಿಕೊಂಡು ಕೂತಿದ್ದಳು. ನನ್ನನ್ನು ನೋಡಿ, ದಪ್ಪಗಾಗಿದ್ದ ನಾಲಿಗೆಯಲ್ಲಿ, “ಹದಿನೇಳೇ ದಿನ ಇತ್ತು ಕಣಮ್ಮಾ” ಅಂದಳು. ಅತ್ತಿದ್ದರೆ ತಬ್ಬಿಕೊಳ್ಳುತ್ತಿದ್ದೆ. ಅವಳು ಅಳಲಿಲ್ಲ. ಗೋಡೆಯ ಕಡೆ ತಿರುಗಿಕೊಂಡಳು.

ಡಾಕ್ಟರು ಬೈಯಲಿಲ್ಲ. ಮಾತ್ರೆ ತಪ್ಪಿದರೆ ಹೀಗಾಗುತ್ತದೆ, ಮಾತ್ರೆ ಕಡಿಮೆ ಮಾಡುವ ಮಾತು ಈಗ ಬೇಡ, ಎರಡು ವರ್ಷವನ್ನು ಈ ದಿನದಿಂದ ಎಣಿಸಿಕೊಳ್ಳಿ ಅಂದರು. ಮಗಳು ತಲೆ ಆಡಿಸಿದಳು.

ಆ ವಾರವೇ ನಾನು ಕೋಲಾರಕ್ಕೆ ಹೋಗಿ ಆ ಬೋರ್ಡನ್ನು ಇಳಿಸಿದೆ. ನಡೆದದ್ದನ್ನು ಕೇಳಿ ಅಂಗಡಿಯವರು ಕುರ್ಚಿಯಿಂದ ಎದ್ದು ನಿಂತರು. “ನಂಗೇನ್ ಗೊತ್ತಿತ್ತಕ್ಕಾ” ಅಂದರು. ಅವರನ್ನು ಏನೂ ಅನ್ನಲಿಲ್ಲ, ಗೊತ್ತಿದ್ದವಳು ನಾನು. ಹೊಸದರಲ್ಲಿ ಮೇಲೆ ದಪ್ಪ ಅಕ್ಷರದಲ್ಲಿ ‘ಊಟಕ್ಕೆ ಹೋಗಿದ್ದೇವೆ’, ಅದರ ಕೆಳಗೆ ಅಷ್ಟೇ ದಪ್ಪಕ್ಕೆ ‘3 ಗಂಟೆಗೆ ಬರುತ್ತೇವೆ’. ಇಂಗ್ಲಿಷು ಕೊನೆಗೆ, ಫೋನ್ ನಂಬರ್ ಎರಡಕ್ಕೂ ನಡುವೆ. ಅಕ್ಷರ ಓದಲಾಗದವರಿಗೂ ತಿಳಿಯಲಿ ಅಂತ ಮೂರು ಗಂಟೆ ತೋರಿಸುವ ಒಂದು ಗಡಿಯಾರದ ಚಿತ್ರ ಹಾಕಿದೆ. ಎಲ್ಲ ಹಾಕಿದರೂ ಜಾಗ ಮಿಕ್ಕಿತು. ಮೊದಲೂ ಜಾಗ ಇತ್ತು ಅಂತಾಯಿತು.

ಅತ್ತೆಗೆ ಹೇಳಲೇಬೇಕಿತ್ತು. ಆ ಶುಕ್ರವಾರದಿಂದ ಅವರು ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಸೊಪ್ಪು ಬಿಡಿಸುತ್ತಾ ಕೂತಿದ್ದಾಗ ಎದುರಿಗೆ ಕೂತೆ.

“ಅತ್ತೆಮ್ಮಾ, ನೀವು ಓದಿದ್ದೇ ಸರಿ. ಅಲ್ಲಿ ಇದ್ದಿದ್ದು ಅದೇ. ನಾನು ಬರೆದಿದ್ದು ತಪ್ಪು. ಊಟಕ್ಕೆ ಹೋಗಿರೋ ಅಂಗಡಿಗೆ ಮುಚ್ಚೋಗಿರೋ ಅಂಗಡಿ ಬೋರ್ಡು ಮಾಡಿಕೊಟ್ಟೆ.”

“ಸುಮ್ಕಿರು” ಅಂದರು.

“ನಿಜವಾಗ್ಲೂ. ನಿಮ್ಮದೇನೂ ತಪ್ಪಿಲ್ಲ. ಮೇಲ್ಗಡೆ ಸಣ್ಣದಾಗಿ ಬರೆದಿದ್ದು ಯಾರಿಗೂ ಕಾಣಲ್ಲ.”

“ಮೆಷಿನ್ನಾಗೆ ಕೊಯ್ದಿದ್ದು ಎಂಗೇ ತಪ್ಪಾಗ್ತೈತೆ? ಓದ್ದೋರು ನೀವು. ನಂಗೆ ಪೂರ್ತಿ ಓದಾಕೆ ಬರಕ್ಕಿಲ್ಲ, ಅರ್ಧಂಬರ್ಧ ಕಲ್ತು ಮಗೀನ ಬಾಳು ಕೆಡಿಸ್ದೆ. ಏನೂ ಬರ್ದೆ ಇದ್ದಿದ್ರೆ ಅಲ್ಲೇ ಬಾಗ್ಲಾಗೆ ಕುಂತಿರ್ತಿದ್ದೆ. ಯಾರೋ ಒಬ್ರು ಬರೋ ಗಂಟ ಕುಂತಿರ್ತಿದ್ದೆ.”

ನಾನು ಎಷ್ಟು ಹೇಳಿದರೂ ಅವರ ತಲೆಗೆ ಹೋಗಲಿಲ್ಲ. ತಮ್ಮನ್ನು ಸಮಾಧಾನ ಮಾಡಲಿಕ್ಕೆ ನಾನು ತಪ್ಪು ಹೊತ್ತುಕೊಳ್ಳುತ್ತಿದ್ದೇನೆ ಅಂದುಕೊಂಡು, ಎಲೆ ಬಿಡಿಸುತ್ತಿದ್ದ ಕೈಯಿಂದಲೇ ನನ್ನ ಕೆನ್ನೆ ಸವರಿ, ಬಾಯಿ ಮುಚ್ಚಿಸಿದರು.

ರಾತ್ರಿಯ ಮಾತ್ರೆಯನ್ನು ಮೊಮ್ಮಗಳಿಗೆ ಕೊಡುತ್ತಿದ್ದವರು ಅವರೇ. ಈಗ ಡಬ್ಬಿಯನ್ನು ಮುಟ್ಟುವುದಿಲ್ಲ. ಊಟವಾದ ಮೇಲೆ ನೀರಿನ ಲೋಟ ಮಾತ್ರ ತಂದು ಅವಳ ಪಕ್ಕ ಇಟ್ಟು, ನನ್ನನ್ನು ಕರೆದು, ನಾನು ಬರುವ ತನಕ ಬಾಗಿಲಲ್ಲಿ ನಿಂತಿರುತ್ತಾರೆ.